ಹೆಬ್ಬೆಟ್ಟು ಅಮ್ಮನದ್ದೇ ಇರಬಹುದು. ಆದರೆ ವಿಲ್ ಅಮ್ಮನದ್ದೇನಾ?

ಆಸ್ತಿ ಜಗಳದಲ್ಲಿ ವಿಲ್ ಬಂತು ಅಂದರೆ ಒಂದು ಮಾತು ಕೇಳಿಬರುತ್ತದೆ: "ಸುಳ್ಳು ಅನ್ನೋದಾದ್ರೆ ನೀನೇ ಸಾಬೀತು ಮಾಡು." ಹೆಣ್ಣುಮಕ್ಕಳು ಇದನ್ನು ಕೇಳಿ ಸುಮ್ಮನಾಗಿಬಿಡುತ್ತಾರೆ. ನನಗೆ ಇದು ತುಂಬ ಬೇಸರದ ವಿಷಯ, ಯಾಕೆಂದರೆ ಕಾನೂನು ಹೇಳುವುದು ಇದರ ಉಲ್ಟಾ. ವಿಲ್ ಹಿಡಿದುಕೊಂಡು ಆಸ್ತಿ ಕೇಳುವವನೇ ಅದನ್ನು ಸಾಬೀತು ಮಾಡಬೇಕು. ಅದರ ಸುತ್ತ ಅನುಮಾನ ಇದ್ದರೆ ತೊಡೆದುಹಾಕುವ ಹೊಣೆಯೂ ಅವನದೇ.

ಇದನ್ನು ಸ್ಪಷ್ಟ ಮಾಡಿದ ತೀರ್ಪು ನಮ್ಮ ಮೈಸೂರು ಸೀಮೆಯಿಂದಲೇ ಹೋದದ್ದು. ಎಚ್. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ಬಿ.ಎನ್. ತಿಮ್ಮಜಮ್ಮ ಪ್ರಕರಣ. 1958ರಲ್ಲಿ ಸುಪ್ರೀಂ ಕೋರ್ಟ್ ಪರವಾಗಿ ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಬರೆದರು. ಬೇರೆ ಪತ್ರಗಳಲ್ಲಿ ಬರೆದುಕೊಟ್ಟವರು ಕೋರ್ಟಿಗೆ ಬಂದು ಮಾತಾಡಬಹುದು. ವಿಲ್ ಕೋರ್ಟಿಗೆ ಬರುವ ಹೊತ್ತಿಗೆ ಬರೆದವರು ಬದುಕಿರುವುದಿಲ್ಲ. ಅದಕ್ಕೇ ನ್ಯಾಯಾಧೀಶರ ಮನಸ್ಸಿಗೆ ಸಮಾಧಾನ ಆಗಬೇಕು ಅನ್ನುತ್ತದೆ ಆ ತೀರ್ಪು. ವಿಲ್ ಮುಂದಿಡುವವನೇ ಅದನ್ನು ಬರೆಸುವುದರಲ್ಲಿ ಮುಂದಾಳಾಗಿ ನಿಂತು, ದೊಡ್ಡ ಲಾಭವನ್ನೂ ಪಡೆದರೆ ಅದೇ ಒಂದು ಅನುಮಾನದ ಕಾರಣ ಅಂತಲೂ ಹೇಳುತ್ತದೆ.

ಈಗ ಒಂದು ಉದಾಹರಣೆ ಊಹಿಸಿಕೊಳ್ಳಿ. ಅಮ್ಮ ಓದಿದವರು. ಬ್ಯಾಂಕಿನಲ್ಲಿ, ಪಿಂಚಣಿ ಕಾಗದದಲ್ಲಿ ಕೊನೆಯವರೆಗೂ ಕನ್ನಡದಲ್ಲಿ ಸಹಿ ಹಾಕಿದ್ದಾರೆ. ಅವರು ತೀರಿಕೊಂಡು ನಾಲ್ಕು ವರ್ಷದ ಮೇಲೆ, ಖಾತೆ ಬದಲಾವಣೆಯ ಹೊತ್ತಿಗೆ, ಕಿರಿಯ ಮಗ ಒಂದು ವಿಲ್ ತರುತ್ತಾನೆ. ಪೂರ್ತಿ ಜಮೀನು ಅವನಿಗೆ. ಕೆಳಗೆ ಸಹಿ ಇಲ್ಲ, ಎಡಗೈ ಹೆಬ್ಬೆಟ್ಟಿನ ಗುರುತು. ಅದೂ ಮಸಿ ಹರಡಿ ಗೆರೆಗಳೇ ಕಾಣುವುದಿಲ್ಲ. ಸಾಕ್ಷಿಗಳಿಬ್ಬರೂ ಮಗನ ಸ್ನೇಹಿತರು.

ಇಲ್ಲಿ ಮಗ ಉತ್ತರ ಕೊಡಬೇಕಾದ ಮೊದಲ ಪ್ರಶ್ನೆ: ಸಹಿ ಬರುವವರು ಹೆಬ್ಬೆಟ್ಟು ಯಾಕೆ ಒತ್ತಿದರು? ಪಾರ್ಶ್ವವಾಯು ಆಗಿತ್ತು, ಕೈ ನಡುಗುತ್ತಿತ್ತು ಅಂದರೆ ಆ ಕಾಲದ ಆಸ್ಪತ್ರೆ ಚೀಟಿ ತೋರಿಸಲಿ. ಡಾಕ್ಟರು ಸಾಕ್ಷಿ ಹೇಳಲಿ. ಆದರೆ ಅದೇ ತಿಂಗಳು ಬ್ಯಾಂಕಿನಲ್ಲಿ ಸಹಿ ಹಾಕಿದ್ದರೆ ಆ ಕಾರಣ ನಿಲ್ಲುವುದು ಕಷ್ಟ.

ಮಸಿ ಹರಡಿದ ಗುರುತನ್ನು ಬೆರಳಚ್ಚು ತಜ್ಞರು "ಹೋಲಿಕೆಗೆ ಯೋಗ್ಯವಲ್ಲ" ಅಂತ ವಾಪಸ್ ಕಳಿಸಬಹುದು. "ಸುಳ್ಳು ಅಂತ ತಜ್ಞರು ಹೇಳಿಲ್ವಲ್ಲ" ಅಂತ ಮಗ ಅದನ್ನೇ ಗೆಲುವು ಅಂದುಕೊಳ್ಳಬಾರದು. ನಿಜ ಅಂತಲೂ ಹೇಳಿಲ್ಲ, ಅಲ್ವಾ? ಗುರುತು ಅಮ್ಮನದೇ ಅಂತ ಸಾಬೀತಾಯಿತು ಅಂತಲೇ ಇಟ್ಟುಕೊಳ್ಳೋಣ. ಆಗಲೂ ಮುಗಿಯಲಿಲ್ಲ. ಕಾಗದದಲ್ಲಿ ಏನಿದೆ ಅಂತ ಅವರಿಗೆ ಗೊತ್ತಿತ್ತಾ? ಯಾರು ಓದಿ ಹೇಳಿದರು? ಖಾಲಿ ಹಾಳೆಗೆ ಮೊದಲೇ ಒತ್ತಿಸಿಕೊಂಡದ್ದಾದರೆ ಕೊನೆಯ ಸಾಲುಗಳು ಗುರುತಿನ ಸುತ್ತ ಇಕ್ಕಟ್ಟಾಗಿ ಕೂತಿರಬಹುದು. ಮೂಲ ಪ್ರತಿಯನ್ನೇ ನೋಡಬೇಕು, ಜೆರಾಕ್ಸ್ ಸಾಲದು.

ಜಾಸ್ತಿ ಕೇಸುಗಳು ಮುಗ್ಗರಿಸುವುದು ಸಾಕ್ಷಿಕಟ್ಟೆಯಲ್ಲಿ. ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು. ಬರೆಸಿದವರು ಸಹಿ ಅಥವಾ ಗುರುತು ಹಾಕುವುದನ್ನು ಅವರು ನೋಡಿರಬೇಕು, ಇಲ್ಲವೇ "ಇದು ನನ್ನದೇ" ಅಂತ ಬರೆಸಿದವರ ಬಾಯಿಂದ ಕೇಳಿರಬೇಕು. ತಾವೂ ಬರೆಸಿದವರ ಎದುರಿಗೇ ಸಹಿ ಹಾಕಿರಬೇಕು. ಬದುಕಿರುವ ಸಾಕ್ಷಿಗಳಲ್ಲಿ ಒಬ್ಬರನ್ನಾದರೂ ಕೋರ್ಟಿಗೆ ಕರೆಸಲೇಬೇಕು. ಹಳೇ ಸಾಕ್ಷ್ಯ ಕಾಯ್ದೆಯ 68ನೇ ಸೆಕ್ಷನ್ನಿನ ಈ ನಿಯಮ ಹೊಸ ಸಾಕ್ಷ್ಯ ಅಧಿನಿಯಮದಲ್ಲಿ 67 ಆಗಿದೆ. ಪಾಟೀಸವಾಲಿನಲ್ಲಿ ಆ ಸ್ನೇಹಿತ "ನಾನು ಆಮೇಲೆ ಹೋಟೆಲಿನಲ್ಲಿ ಸಹಿ ಮಾಡಿದೆ" ಅಂದುಬಿಟ್ಟರೆ, ಅವನ ಮಾತಿನಿಂದ ವಿಲ್ ನಿಲ್ಲುವುದಿಲ್ಲ.

ರಿಜಿಸ್ಟರ್ ಆಗಿದ್ದರೆ ಮಗನಿಗೆ ಬಲ ಬರುತ್ತದೆ, ನಿಜ. ಆದರೂ ಅದೊಂದೇ ಎಲ್ಲ ಅನುಮಾನಕ್ಕೂ ಉತ್ತರ ಅಲ್ಲ. ಸಾಕ್ಷಿಯನ್ನು ಕರೆಸುವುದು ಆಗಲೂ ತಪ್ಪುವುದಿಲ್ಲ.

ಹೆಣ್ಣುಮಕ್ಕಳ ಕಡೆಯವರಿಗೂ ಒಂದು ಮಾತು ಹೇಳಬೇಕು. "ನಮಗೆ ಏನೂ ಕೊಟ್ಟಿಲ್ಲ" ಅನ್ನುವುದೊಂದೇ ಅನುಮಾನಕ್ಕೆ ಸಾಲದು. ವಿಲ್ ಬರೆಯುವುದೇ ಸಹಜ ಪಾಲನ್ನು ಬದಲಿಸಲಿಕ್ಕೆ. ಮೋಸ ಮಾಡಿದ, ಹೆದರಿಸಿ ಬರೆಸಿಕೊಂಡ ಅಂತ ನೇರ ಆರೋಪ ಮಾಡಿದರೆ, ಅದನ್ನು ಸಾಬೀತು ಮಾಡುವ ಭಾರ ನಿಮ್ಮ ಮೇಲೆ ಬರುತ್ತದೆ. ಆದರೆ ಆ ಆರೋಪ ಇಲ್ಲದೆಯೂ ಸಹಿಯ ಬದಲು ಹೆಬ್ಬೆಟ್ಟು, ನಾಲ್ಕು ವರ್ಷದ ಮೌನ, ಮಗನೇ ಬರೆಸಿದ್ದು, ಇವೆಲ್ಲ ಕಾಗದದಲ್ಲೂ ಸಾಕ್ಷ್ಯದಲ್ಲೂ ಕಂಡರೆ ಉತ್ತರ ಕೊಡಬೇಕಾದವನು ಮಗನೇ. ಹಾಗಾಗಿ ನಿಮ್ಮ ತಕರಾರಿನಲ್ಲಿ ಈ ಸಂಗತಿಗಳನ್ನು ಒಂದೊಂದಾಗಿ ಬರೆಸಿ. ಅಮ್ಮನ ಸಹಿ ಇರುವ ಬ್ಯಾಂಕ್ ದಾಖಲೆ ತರಿಸಿ. ಹಿಂದೆ ಅವರು ಯಾವುದಾದರೂ ಪತ್ರ ನೋಂದಾಯಿಸಿದ್ದರೆ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಇರುವ ಅವರ ಹೆಬ್ಬೆಟ್ಟಿನ ಗುರುತನ್ನು ಹೋಲಿಕೆಗೆ ಕೇಳಿ.