ಅರವತ್ತು ಪರ್ಸೆಂಟ್ ಅನ್ನೋ ಗೋಡೆ, ಮತ್ತೆ ಅದಕ್ಕೆ ಒರಗಿಕೊಂಡಿರೋ ಸೊನ್ನೆ ಪಾಯಿಂಟ್ ಎಪ್ಪತ್ತೈದು

ಮಂಡ್ಯದಲ್ಲಿ ರಿಸಲ್ಟ್ ದಿನ ಸೈಬರ್ ಸೆಂಟರ್ ಅಣ್ಣನಿಗಿಂತ ದೊಡ್ಡ ಅಧಿಕಾರಿ ಯಾರೂ ಇಲ್ಲ. ಯುನಿವರ್ಸಿಟಿ ಕೊಟ್ಟಿರೋ ಗ್ರೇಡ್ ಕಾರ್ಡನ್ನ ಪ್ರಿಂಟ್ ತೆಗೆದು, ಅದನ್ನ ನಿಮಗೆ ಕನ್ನಡದಲ್ಲಿ ಅರ್ಥ ಮಾಡಿಸಿ, ಕೊನೆಗೆ ನೀವು ಫಸ್ಟ್ ಕ್ಲಾಸೋ ಅಲ್ವೋ ಅಂತ ತೀರ್ಪು ಕೊಡೋದು ಆತನೇ. ಪರೀಕ್ಷಾಂಗ ಕುಲಸಚಿವರು ಬರೀ ಸಹಿ ಹಾಕೋರು.

ನಮ್ಮ ಪಕ್ಕದ್ಮನೆ ಹುಡುಗಿದು ಡಿಗ್ರಿ ಮುಗೀತು. ಒಟ್ಟು 120 ಕ್ರೆಡಿಟ್, ಸಿಜಿಪಿಎ 6.70. ಅವಳಪ್ಪ ಕಾರ್ಡನ್ನ ಬೆಳಕಿಗೆ ಹಿಡಿದು ನೋಡಿ "ಇದ್ರಲ್ಲಿ ಮಾರ್ಕ್ಸ್ ಎಲ್ಲೈತವ್ವ?" ಅಂದ್ರು. ನ್ಯಾಯವಾದ ಪ್ರಶ್ನೆ. ಮಾರ್ಕ್ಸ್ ಇದೆ ಆದ್ರೆ ಅದಕ್ಕೆ ಬೆಲೆ ಇಲ್ಲ, ಬೆಲೆ ಇರೋದು ಗ್ರೇಡ್ ಪಾಯಿಂಟಿಗೆ, ಅದನ್ನ ಕ್ರೆಡಿಟ್ಟಿಂದ ಗುಣಿಸಿದ್ರೆ ಬರೋದು ಕ್ರೆಡಿಟ್ ಪಾಯಿಂಟ್, ಎಲ್ಲಾ ಪೇಪರಿನ ಕ್ರೆಡಿಟ್ ಪಾಯಿಂಟ್ ಕೂಡಿ ಒಟ್ಟು ಕ್ರೆಡಿಟ್ಟಿಂದ ಭಾಗಿಸಿದ್ರೆ ಸಿಜಿಪಿಎ. ಇದನ್ನ ಕೇಳಿದ್ಮೇಲೆ ಅವರಂದಿದ್ದು ಒಂದೇ ಮಾತು, "ಓ, ನಮ್ ಕಬ್ಬು ಇದ್ದಂಗೆ ಅನ್ನು, ಲೋಡ್ ತೂಕ ಒಂದು, ಫ್ಯಾಕ್ಟರಿಯೋರು ಹೇಳೋ ರಿಕವರಿ ಒಂದು." ನಾನು ಮೂರು ಪ್ಯಾರಾ ಬರೀಬೇಕು ಅಂತಿದ್ದೆ, ಅಲ್ಲಿಗೆ ಮುಗೀತು.

ಈಗ ಹುಡುಗಿ ಕಾರ್ಡ್ ನೋಡಿ. ಯೋಗ, 1 ಕ್ರೆಡಿಟ್, 98 ಮಾರ್ಕ್ಸ್, ಗ್ರೇಡ್ ಓ, ಪಾಯಿಂಟ್ 10, ಹತ್ತೊಂದ್ಲಿ ಹತ್ತು. ಮೇನ್ ಸಬ್ಜೆಕ್ಟು, 4 ಕ್ರೆಡಿಟ್, 54 ಮಾರ್ಕ್ಸ್, ಗ್ರೇಡ್ ಸಿ, ಪಾಯಿಂಟ್ 5, ನಾಲ್ಕೈದ್ಲಿ ಇಪ್ಪತ್ತು. ತಲೆಕೆಳಗಾಗಿ ನಿಂತು ತಂದ 98ಕ್ಕಿಂತ ಕಷ್ಟಪಟ್ಟು ದಡ ಸೇರಿದ 54 ಡಬಲ್ ತೂಕ. ಇರ್ಲಿ, ಇದ್ರಲ್ಲಿ ಒಂದ್ ನ್ಯಾಯ ಇದೆ, ವಾರಕ್ಕೆ ನಾಲ್ಕು ಗಂಟೆ ಕ್ಲಾಸ್ ಇರೋದಕ್ಕೂ ಒಂದ್ ಗಂಟೆ ಇರೋದಕ್ಕೂ ವ್ಯತ್ಯಾಸ ಬೇಕಲ್ಲ. ನ್ಯಾಯ ಇಲ್ದಿರೋದು ಬೇರೆ ಕಡೆ. ಅವಳ ಯುನಿವರ್ಸಿಟಿ ಟೇಬಲ್ ಪ್ರಕಾರ 50ರಿಂದ 54ಕ್ಕೆ ಪಾಯಿಂಟ್ 5, 55ರಿಂದ 59ಕ್ಕೆ 6, 60ರಿಂದ 69ಕ್ಕೆ 7. ಅಂದ್ರೆ 60 ತಗೊಂಡವನೂ 69 ತಗೊಂಡವನೂ ಅಣ್ತಮ್ಮಂದಿರು, 59 ತಗೊಂಡವಳು ಮಾತ್ರ ಯಾರೋ ದೂರದ ನೆಂಟಳು. ನಮ್ಮ ಹುಡುಗಿಗೆ ಕೊನೇ ಸೆಮಿಸ್ಟರಲ್ಲಿ ಎರಡು ನಾಲ್ಕು-ಕ್ರೆಡಿಟ್ ಪೇಪರು ಹೀಗೇ ಹೊಸ್ಲಲ್ಲಿ ನಿಂತಿವೆ, ಒಂದ್ರಲ್ಲಿ 54, ಇನ್ನೊಂದ್ರಲ್ಲಿ 59.

ಇಷ್ಟಾದ್ಮೇಲೆ ಕೆಲಸದ ಅರ್ಜಿ. ಅದ್ರಲ್ಲಿ ಸಿಜಿಪಿಎ ಬಾಕ್ಸೇ ಇಲ್ಲ, ಇರೋದು ಪರ್ಸೆಂಟೇಜ್, ಕನಿಷ್ಠ 60. ಕೆಳಗೆ ಸಣ್ಣಕ್ಷರದಲ್ಲಿ ಒಂದ್ ಸಾಲು, 59.99 ಇದ್ರೂ 60ಕ್ಕಿಂತ ಕಮ್ಮಿ ಅಂತ್ಲೇ ಲೆಕ್ಕ.

ಸೈಬರ್ ಅಣ್ಣ ಕ್ಯಾಲ್ಕುಲೇಟರ್ ತೆಗೆದ. ಮೊದ್ಲು 10ರಿಂದ ಗುಣಿಸಿದ, 67 ಬಂತು, ಹುಡುಗಿ ನಕ್ಕಳು. ಪಕ್ಕದಲ್ಲಿ ಜೆರಾಕ್ಸಿಗೆ ನಿಂತಿದ್ದ ಮಹಾಶಯರು "ಅಲ್ಲ ಕಣಪ್ಪ, 9.5ರಿಂದ ಗುಣಿಸಬೇಕು, ನಮ್ ಮಗಂಗೆ ಹಂಗೇ ಮಾಡಿದ್ದು" ಅಂದ್ರು, 63.65 ಬಂತು. ಆ 9.5 ಸಿಬಿಎಸ್‌ಇ ಹತ್ತನೇ ಕ್ಲಾಸಿನವರದ್ದು, ಅಲ್ಲಿ ಮೇಲಿನ ಗ್ರೇಡ್ ತಗೊಂಡ ಮಕ್ಕಳ ಸರಾಸರಿ ಮಾರ್ಕ್ಸು 95ರ ಹತ್ರ ಬರುತ್ತೆ ಅಂತ ಮಾಡ್ಕೊಂಡಿದ್ದ ಲೆಕ್ಕ, ಡಿಗ್ರಿಗೂ ಅದಕ್ಕೂ ಏನೂ ಸಂಬಂಧ ಇಲ್ಲ, ಆದ್ರೂ ಊರೂರಲ್ಲಿ ಹರಕೆ ಬಸವನ ಥರ ಓಡಾಡ್ಕೊಂಡಿದೆ. ಆಮೇಲೆ ಅಣ್ಣ ಕಾರ್ಡನ್ನ ತಿರುಗಿಸಿದ. ಹಿಂದಿನ ಪುಟ, ಯಾರೂ ಜೆರಾಕ್ಸ್ ಮಾಡಿಸದ ಆ ಪುಟ, ಅಲ್ಲಿತ್ತು ಅಸಲಿ ಸೂತ್ರ:

```
Percentage = (CGPA - 0.75) × 10
```

6.70ರಲ್ಲಿ 0.75 ಕಳೆದ್ರೆ 5.95, ಹತ್ತರಿಂದ ಗುಣಿಸಿದ್ರೆ 59.5. ಹುಡುಗಿ ನಗು ನಿಲ್ತು.

ಈ 0.75 ಎಲ್ಲಿಂದ ಬಂತು ಅಂತೀರಾ, ತಾಂತ್ರಿಕ ಶಿಕ್ಷಣ ನೋಡ್ಕೊಳ್ಳೋ ಕೇಂದ್ರದ ಮಂಡಳಿ ಎಐಸಿಟಿಇದು ಟೇಬಲ್ ಒಂದಿದೆ, ಅದ್ರಲ್ಲಿ 6.25 ಅಂದ್ರೆ 55, 6.75 ಅಂದ್ರೆ 60, 7.25 ಅಂದ್ರೆ 65, ಹೀಗೇ ಸಾಗುತ್ತೆ, ಅದನ್ನೇ ಸೂತ್ರ ಮಾಡಿದ್ರೆ ಇದು. ನಡುವಲ್ಲಿ ಏನೋ ಸರಿಯಾಗೇ ಕಾಣುತ್ತೆ, ತುದಿಗೆ ಹೋದ್ರೆ ತಮಾಷೆ. ಪ್ರತಿ ಪೇಪರಲ್ಲೂ ಓ ತಗೊಂಡು 10ಕ್ಕೆ 10 ತಂದ ಮಹಾಬುದ್ಧಿವಂತನಿಗೆ ಇದ್ರಲ್ಲಿ 92.5 ಪರ್ಸೆಂಟ್, ಅವನು ನೂರಕ್ಕೆ ನೂರು ಬರೆದಿದ್ರೂ ಅಷ್ಟೇ, ಮಿಕ್ಕ ಏಳೂವರೆ ಶನಿಮಹಾತ್ಮನ ಪಾಲು. ಕೆಳಗಿನ ತುದೀಲಿ, ಎಲ್ಲಾ ಪೇಪರಲ್ಲೂ ಬರೀ 4 ಪಾಯಿಂಟ್ ತಗೊಂಡು ಪಾಸಾದವನಿಗೆ 32.5. ಒಂದೊಂದು ಪೇಪರಲ್ಲೂ ಕಮ್ಮಿ ಅಂದ್ರೆ 40 ತಗೊಂಡಿರೋನು, ಎಲ್ಲಾದ್ರಲ್ಲೂ ಪಾಸು, ಒಟ್ಟಾರೆ ಫೇಲು! ನಮ್ಮ ಹುಡುಗಿ ಮಾರ್ಕ್ಸನ್ನ ಹಳೇಕಾಲದ ಥರ ಸುಮ್ನೆ ಕೂಡಿ ಭಾಗಿಸಿದ್ರೂ 62ರ ಮೇಲೆ ಬರುತ್ತೆ. ಮಾರ್ಕ್ಸನ್ನ ಪಾಯಿಂಟ್ ಮಾಡಿ, ಪಾಯಿಂಟನ್ನ ವಾಪಸ್ ಪರ್ಸೆಂಟ್ ಮಾಡೋ ಹೊತ್ತಿಗೆ ದಾರೀಲಿ ಎರಡೂವರೆ ಪರ್ಸೆಂಟ್ ಯಾರೋ ಜೇಬಿಗಿಳಿಸಿದ್ದಾರೆ.

"ರೀವ್ಯಾಲ್ಯುಯೇಷನ್ ಹಾಕ್ಸವ್ವ" ಅಂದ ಅಣ್ಣ. ಲೆಕ್ಕ ಹಾಕಿದ್ವಿ. ಈಗಿರೋ ಕ್ರೆಡಿಟ್ ಪಾಯಿಂಟ್ 804, ಸಿಜಿಪಿಎ 6.75 ಆಗೋಕೆ 810 ಬೇಕು. 54 ಇರೋದು 55 ಆದ್ರೆ ನಾಲ್ಕು ಪಾಯಿಂಟ್, 59 ಇರೋದು 60 ಆದ್ರೆ ನಾಲ್ಕು ಪಾಯಿಂಟ್, ಒಟ್ಟು 812, ಗೆದ್ವಿ. ಎರಡೇ ಎರಡು ಮಾರ್ಕ್ಸ್. ಆದ್ರೆ ಇಂಟರ್ನಲ್ ಮಾರ್ಕ್ಸ್ ಮುಟ್ಟಂಗಿಲ್ಲ, ರೀವ್ಯಾಲ್ಯುಯೇಷನ್ ಏನಿದ್ರೂ ಥಿಯರಿ ಪರೀಕ್ಷೆಗೆ ಮಾತ್ರ, ಆ ಪರೀಕ್ಷೆ ಬರೆದಿದ್ದು ನೂರಕ್ಕೆ, ಕಾರ್ಡಿಗೆ ಬಂದಿದ್ದು ಐವತ್ತಕ್ಕೆ ಇಳಿಸಿ. ಹಂಗಾಗಿ ಕಾರ್ಡಲ್ಲಿ ಒಂದು ಏರಬೇಕು ಅಂದ್ರೆ ಉತ್ತರ ಪತ್ರಿಕೇಲಿ ಎರಡು ಏರಬೇಕು.

ಇನ್ನು ಡೇಟಿನ ಕಥೆ. ದಿನ ಎಣಿಸೋದು ರಿಸಲ್ಟ್ ಹೊರಗೆ ಬಿಟ್ಟ ದಿನದಿಂದ, ನಿಮ್ಮ ಕೈಗೆ ಕಾರ್ಡ್ ಬಂದ ದಿನದಿಂದ ಅಲ್ಲ. ರಿಸಲ್ಟ್ ಬಿಡೋದು ಶುಕ್ರವಾರ ಸಂಜೆ, ಅದು ಒಂದು ದಿನ ಅಂತ ಲೆಕ್ಕ. ಶನಿವಾರ ಸರ್ವರ್ ಇರಲ್ಲ, ಭಾನುವಾರ ಸರ್ವರ್ ಇರುತ್ತೆ ಆದ್ರೆ ಹೆಲ್ಪ್‌ಲೈನ್ ಫೋನ್ ಎತ್ತಲ್ಲ. ಮೊದ್ಲು ದುಡ್ಡು ಕಟ್ಟಿ ಉತ್ತರ ಪತ್ರಿಕೆ ಫೋಟೋಕಾಪಿ ತರಿಸ್ಕೊಂಡು ನೋಡಿ, ಆಮೇಲೆ ಇನ್ನೊಂದು ಸಲ ದುಡ್ಡು ಕಟ್ಟಿ ರೀವ್ಯಾಲ್ಯುಯೇಷನ್ ಕೇಳಿ ಅಂತಾರೆ, ಒಳ್ಳೇ ಕ್ರಮಾನೇ. ಆದ್ರೆ ಫೋಟೋಕಾಪಿ ಲಾಗಿನ್ನಿಗೆ ಬಂದಿದ್ದು ಅರ್ಜಿ ಲಾಸ್ಟ್ ಡೇಟಿನ ದಿನ ಮಧ್ಯಾಹ್ನ. ಅದ್ರಲ್ಲಿ ಒಂದು ಉತ್ತರಕ್ಕೆ ಮಾರ್ಕ್ಸೇ ಹಾಕಿರ್ಲಿಲ್ಲ, ಪಕ್ಕದಲ್ಲಿ ಟಿಕ್ ಮಾತ್ರ ಇತ್ತು. ಹುಡುಗಿ ಖುಷಿಯಿಂದ ಕುಣಿದಳು, ಮೌಲ್ಯಮಾಪಕರ ತಪ್ಪಿಗೆ ಇಷ್ಟು ಖುಷಿಪಟ್ಟ ವಿದ್ಯಾರ್ಥಿನೀನ ನಾನು ನೋಡಿರ್ಲಿಲ್ಲ. ಅದೇ ಸಂಜೆ ದುಡ್ಡು ಕಟ್ಟಾಯ್ತು, ಅಕೌಂಟಿಂದ ಕಟ್ಟೂ ಆಯ್ತು, ಸ್ಕ್ರೀನಲ್ಲಿ ಮಾತ್ರ ಪೆಂಡಿಂಗ್. ಅಣ್ಣ ಸ್ಕ್ರೀನ್‌ಶಾಟ್ ತೆಗೆದ, ಟ್ರಾನ್ಸಾಕ್ಷನ್ ನಂಬರ್ ಕೈ ಮೇಲೆ ಬರ್ಕೊಂಡ, ರಾತ್ರಿ ಹೆಂಗೋ ರಸೀದಿ ಬಂತು.

ರೀವ್ಯಾಲ್ಯುಯೇಷನ್ ರಿಸಲ್ಟ್ ಬರೋ ಹೊತ್ತಿಗೆ ಕೆಲಸದ ಅರ್ಜಿ ಮುಗಿದಿತ್ತು, ಅದು ಎಲ್ಲರಿಗೂ ಗೊತ್ತಿರೋದೇ. ಮುಂದಿನ ಅರ್ಜಿಗಾದ್ರೂ ಆಗುತ್ತೆ ಅಂತ ಕಾದ್ವಿ. ಟಿಕ್ ಹಾಕಿದ್ದ ಪೇಪರು 59ರಿಂದ 61ಕ್ಕೆ ಹೋಯ್ತು, ನಾಲ್ಕು ಪಾಯಿಂಟ್ ಸಿಕ್ತು. 54ಕ್ಕೆ "ಬದಲಾವಣೆ ಇಲ್ಲ". ಒಟ್ಟು 808, ಸಿಜಿಪಿಎ 6.73, ಪರ್ಸೆಂಟು 59.8. ಇನ್ನು ಎರಡೇ ಪಾಯಿಂಟ್ ಬೇಕು, 2 ಕ್ರೆಡಿಟ್ಟಿನ ಒಂದು ಪೇಪರು ಒಂದ್ ಗ್ರೇಡ್ ಮೇಲೆ ಹೋದ್ರೆ ಸಾಕು. ಹುಡುಕಿದ್ವಿ, ನಾಲ್ಕನೇ ಸೆಮಿಸ್ಟರಲ್ಲಿ ಅಂಥದ್ದೊಂದು 69 ಹಿಡ್ಕೊಂಡು ಕೂತಿದೆ. ಅದ್ರ ರೀವ್ಯಾಲ್ಯುಯೇಷನ್ ಲಾಸ್ಟ್ ಡೇಟ್ ಹೋದ ವರ್ಷವೇ ಮುಗಿದಿದೆ.