ಫಲಿತಾಂಶದ ಅಧ್ಯಾಯವನ್ನು ಹಳದಿ ಸಾಲುಗಳಿಂದ ಶುರು ಮಾಡಬೇಡಿ

ವಿಜಯಪುರದಲ್ಲಿ ಪ್ರಬಂಧ ಸಲ್ಲಿಕೆಯ ಕಾಲ ಬಂತೆಂದರೆ ನನಗೆ ಎಕ್ಸೆಲ್ ಹಾಳೆಗಳ ಕಾಟ ಶುರುವಾಗುತ್ತದೆ. ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಹಾಳೆಯನ್ನು p ಮೌಲ್ಯದ ಪ್ರಕಾರ ಜೋಡಿಸುತ್ತಾರೆ, 0.05ಕ್ಕಿಂತ ಕಡಿಮೆ ಇರುವ ಸಾಲುಗಳಿಗೆ ಹಳದಿ ಬಣ್ಣ ಬಳಿಯುತ್ತಾರೆ, ಆಮೇಲೆ ಹಳದಿ ಸಾಲಿಗೊಂದು ವಾಕ್ಯ ಬರೆದು ಅದಕ್ಕೆ ‘ಫಲಿತಾಂಶಗಳು’ ಎಂದು ಹೆಸರಿಡುತ್ತಾರೆ. ಉಳಿದ ಸಾಲುಗಳು ಎಲ್ಲಿ ಹೋದವು ಎಂದು ಕೇಳಿದರೆ, “ಸರ್, ಅವುಗಳಲ್ಲಿ ಏನೂ ಬರಲಿಲ್ಲ” ಎನ್ನುತ್ತಾರೆ. ನನಗೆ ಸಿಟ್ಟು ಬರುವುದೇ ಇಲ್ಲಿ.

ನನ್ನ ಪ್ರಕಾರ ಬರೆಯುವಾಗ ಪಕ್ಕದಲ್ಲಿ ಮೊದಲು ಇರಬೇಕಾದದ್ದು ಪ್ರಬಂಧದ ಉದ್ದೇಶಗಳ ಪುಟ, ಹಾಳೆ ಆಮೇಲೆ. ಅಧ್ಯಯನ ಶುರುವಾಗುವ ಮೊದಲೇ ಮುಖ್ಯ ಪ್ರಶ್ನೆ ಯಾವುದೆಂದು ಬರೆದಿರುತ್ತೀರಿ. ಅದರ ಉತ್ತರ ‘ಹೌದು’ ಆಗಲಿ ‘ಇಲ್ಲ’ ಆಗಲಿ, ಬರಹದಲ್ಲಿ ಅದರ ಜಾಗ ಬದಲಾಗುವಂತಿಲ್ಲ.

ಒಂದು ಕಾಲ್ಪನಿಕ ಉದಾಹರಣೆ ಇಟ್ಟುಕೊಳ್ಳೋಣ. ರಕ್ತಹೀನತೆ ಇರುವ 120 ಹಾಸ್ಟೆಲ್ ಹುಡುಗಿಯರನ್ನು ಚೀಟಿ ಎತ್ತಿ ಎರಡು ಗುಂಪು ಮಾಡಲಾಗಿದೆ. ಒಂದು ಗುಂಪಿಗೆ ಕಬ್ಬಿಣಾಂಶದ ಗುಳಿಗೆ ಮಾತ್ರ, ಇನ್ನೊಂದಕ್ಕೆ ಗುಳಿಗೆಯ ಜೊತೆ ಪೇರಲ ಹಣ್ಣು. 12 ವಾರಗಳ ನಂತರದ ಹಿಮೋಗ್ಲೋಬಿನ್ ಮುಖ್ಯ ಪ್ರಶ್ನೆ, ತೂಕ ಎರಡನೆಯದು.

ಮೊದಲ ಪ್ಯಾರಾದಲ್ಲಿ ಪರೀಕ್ಷೆಯ ಮಾತೇ ಬೇಡ, ಜನರ ಲೆಕ್ಕ ಸಾಕು. ಪ್ರತಿ ಗುಂಪಿನಲ್ಲಿ 60 ಮಂದಿ ಇದ್ದರು, ನಾಲ್ವರಂತೆ ನಡುವೆ ಬಿಟ್ಟುಹೋದರು, ಕಾರಣ ಇಂಥದ್ದು, ಕೊನೆಗೆ ಲೆಕ್ಕಕ್ಕೆ ಸಿಕ್ಕವರು 56 ಮತ್ತು 56. ಎರಡನೆಯ ಪ್ಯಾರಾದಲ್ಲಿ ಆರಂಭದ ಸ್ಥಿತಿ: ವಯಸ್ಸು, ತೂಕ, ಮೊದಲ ದಿನದ ಹಿಮೋಗ್ಲೋಬಿನ್. ಚೀಟಿ ಎತ್ತಿ ಹಂಚಿದ ಗುಂಪುಗಳಿಗೆ ಇಲ್ಲಿ p ಮೌಲ್ಯ ಹಾಕುವುದು ವ್ಯರ್ಥ. ಹಂಚಿಕೆ ಸರಿಯಾಗಿ ನಡೆದಿದ್ದರೆ, ಕಾಣುವ ವ್ಯತ್ಯಾಸ ಆಕಸ್ಮಿಕವೆಂದು ಮೊದಲೇ ಗೊತ್ತು.

ಮೂರನೆಯದು ಮುಖ್ಯ ಉತ್ತರ. ಹಾಳೆಯಲ್ಲಿ ಅದು ಹೀಗೆ ಚದುರಿ ಬಿದ್ದಿರುತ್ತದೆ: 11.6, 1.2, 11.0, 1.3, 2.54, 110, 0.013. ಅದನ್ನು ನಾನು ಹೀಗೆ ಬರೆಸುತ್ತೇನೆ: “12 ವಾರಗಳ ನಂತರ ಪೇರಲ ಗುಂಪಿನ ಸರಾಸರಿ ಹಿಮೋಗ್ಲೋಬಿನ್ ಡೆಸಿಲೀಟರಿಗೆ 11.6 ಗ್ರಾಂ (ಮಾನಕ ವಿಚಲನೆ 1.2), ಗುಳಿಗೆ ಮಾತ್ರ ಪಡೆದವರಲ್ಲಿ 11.0 ಗ್ರಾಂ (1.3). ವ್ಯತ್ಯಾಸ 0.6 ಗ್ರಾಂ, ಅದರ 95% ವಿಶ್ವಾಸ ವ್ಯಾಪ್ತಿ 0.1ರಿಂದ 1.1; t(110) = 2.54, p = 0.013.” ಯಾರಲ್ಲಿ ಹೆಚ್ಚು, ಎಷ್ಟು ಹೆಚ್ಚು ಎಂಬುದು ಮುಂದೆ, ಪರೀಕ್ಷೆಯ ಅಂಕಿ ಕೊನೆಗೆ. “ಗಮನಾರ್ಹ ವ್ಯತ್ಯಾಸ ಕಂಡುಬಂದಿದೆ (p < 0.05)” ಎಂದಷ್ಟೇ ಬರೆದರೆ ಹಣ್ಣು ತಿಂದವರಿಗೆ ಲಾಭವಾಯಿತೋ ನಷ್ಟವಾಯಿತೋ ಎಂಬುದೇ ಓದುಗರಿಗೆ ತಿಳಿಯುವುದಿಲ್ಲ.

ಈ ಒಂದು ವಾಕ್ಯದಲ್ಲೇ ಎರಡು ಕಡೆ ಕೈ ತಪ್ಪುತ್ತದೆ. ಎಸ್‌ಪಿಎಸ್‌ಎಸ್‌ನ t ಪರೀಕ್ಷೆಯ ಕೋಷ್ಟಕದಲ್ಲಿ ಎಡಗಡೆಯಿಂದ ಮೊದಲು ಸಿಗುವ Sig. ಲೆವೀನ್ ಪರೀಕ್ಷೆಯದು. ಎರಡು ಗುಂಪುಗಳ ಹರಡುವಿಕೆ ಸಮವೇ ಎಂದು ಮಾತ್ರ ಅದು ಹೇಳುತ್ತದೆ. ಸರಾಸರಿಗಳ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ. ಅವಸರದಲ್ಲಿ ಅದನ್ನೇ ಎತ್ತಿ ಬರೆದವರು ಬಹಳ. ಪತ್ತೆ ಹಚ್ಚುವುದು ಸುಲಭ: t 2.54 ಇದ್ದು ಪಕ್ಕದಲ್ಲಿ p = 0.48 ಎಂದಿದ್ದರೆ ಎರಡೂ ಒಂದೇ ಪರೀಕ್ಷೆಯವಲ್ಲ. ಇನ್ನೊಂದು, Std. Deviation ಬದಲಿಗೆ Std. Error Mean ಇಳಿಸಿಕೊಳ್ಳುವುದು. 1.2ನ್ನು 56ರ ವರ್ಗಮೂಲದಿಂದ ಭಾಗಿಸಿದರೆ 0.16. “11.6 ± 0.16” ಎಂದು ಓದಿದವರು ಹುಡುಗಿಯರೆಲ್ಲರ ಹಿಮೋಗ್ಲೋಬಿನ್ ಹೆಚ್ಚುಕಡಿಮೆ ಒಂದೇ ಎಂದುಕೊಳ್ಳುತ್ತಾರೆ. ಮನುಷ್ಯರ ಹಿಮೋಗ್ಲೋಬಿನ್ ಅಷ್ಟು ಶಿಸ್ತಿನಿಂದ ಇರುವುದಿಲ್ಲ.

(ಪರದೆಯ ಮೇಲೆ .000 ಕಂಡರೆ ಅದು ಸೊನ್ನೆಯಲ್ಲ. ಅದನ್ನು p < 0.001 ಎಂದು ಬರೆಯಿರಿ.)

ನಾಲ್ಕನೆಯ ಪ್ಯಾರಾ ತೂಕದ್ದು, ಹಳದಿ ಬಣ್ಣ ಸಿಗದೆ ಹೊರಗೆ ಬೀಳುವುದು ಇದೇ. ವ್ಯತ್ಯಾಸ 0.4 ಕಿಲೋ, ವ್ಯಾಪ್ತಿ ಮೈನಸ್ 0.9ರಿಂದ 1.7, p = 0.54 ಎಂದುಕೊಳ್ಳಿ. “ತೂಕದಲ್ಲಿ ವ್ಯತ್ಯಾಸವಿಲ್ಲ” ಎಂದು ಬರೆಯುವ ಹಕ್ಕು ಈ ಅಂಕಿ ಕೊಡುವುದಿಲ್ಲ. ಪೇರಲ ಗುಂಪಿನ ತೂಕ ಇನ್ನೊಂದಕ್ಕಿಂತ ಸುಮಾರು ಒಂದು ಕಿಲೋ ಕಡಿಮೆಯಿಂದ ಒಂದೂಮುಕ್ಕಾಲು ಕಿಲೋ ಹೆಚ್ಚಿನವರೆಗೆ ಏನು ಬೇಕಾದರೂ ಇರಬಹುದು ಎಂದು ವ್ಯಾಪ್ತಿ ಹೇಳುತ್ತಿದೆ. “ವ್ಯತ್ಯಾಸವಿದೆ ಎಂದು ಈ ಅಧ್ಯಯನದಲ್ಲಿ ತೋರಿಸಲಾಗಲಿಲ್ಲ” ಎಂದು ಬರೆದು ವ್ಯಾಪ್ತಿಯನ್ನು ಜೊತೆಗೆ ಕೊಡಿ.

ಆಮೇಲೆ ಮಾತ್ರ, ಮೊದಲು ಯೋಜಿಸದೆ ಕುತೂಹಲಕ್ಕೆ ಮಾಡಿದ ಹೋಲಿಕೆಗಳು: ಮಾಂಸ ತಿನ್ನುವವರು, ತಿನ್ನದವರು, ಹಳ್ಳಿಯವರು, ಪೇಟೆಯವರು. ಅವುಗಳನ್ನು ನಂತರ ಮಾಡಿದ್ದೆಂದು ಹೆಸರಿಸಿ, ಒಟ್ಟು ಎಷ್ಟು ಹೋಲಿಕೆ ಮಾಡಿದಿರೆಂದೂ ಹೇಳಿ. ನಿಜವಾದ ವ್ಯತ್ಯಾಸ ಎಲ್ಲೂ ಇಲ್ಲದಿದ್ದರೂ 20 ಹೋಲಿಕೆಗಳಲ್ಲಿ ಸರಾಸರಿ ಒಂದು 0.05ರ ಕೆಳಗೆ ಇಳಿಯುತ್ತದೆ. ಹಳದಿ ಬಣ್ಣದವರ ಪ್ರಬಂಧದಲ್ಲಿ ಮೊದಲ ವಾಕ್ಯವಾಗಿ ಕುಳಿತಿರುವುದು ಎಷ್ಟೋ ಸಲ ಅದೇ ಒಂದು. ಪೇರಲದಲ್ಲಿನ ಸಿ ಜೀವಸತ್ವ ಕಬ್ಬಿಣ ಹೀರಿಕೊಳ್ಳಲು ನೆರವಾಗುತ್ತದೆ ಎಂಬ ವಿವರಣೆಗೆ ಈ ಅಧ್ಯಾಯದಲ್ಲಿ ಜಾಗವಿಲ್ಲ. ಅದು ಚರ್ಚೆಯ ಅಧ್ಯಾಯಕ್ಕೆ ಹೋಗಲಿ.