ಮಾರ್ಚ್ 31ರ ಬಿಲ್ಲು ಯಾವ ವರ್ಷದ ಆದಾಯ?

ಹಣ ಕೈಗೆ ಬಂದ ದಿನವೇ ಆದಾಯ ಹುಟ್ಟುತ್ತದೆ ಎಂಬ ನಂಬಿಕೆ ನಮ್ಮ ಸಣ್ಣ ಉದ್ದಿಮೆಗಳಲ್ಲಿ ಬಹಳ ಆಳವಾಗಿದೆ. ಸಾಲದ ಮೇಲೆ ಮಾರುವ ವ್ಯಾಪಾರಕ್ಕೆ ಈ ನಂಬಿಕೆ ಹಾನಿಕರ ಎಂಬುದು ನನ್ನ ಖಚಿತ ಅಭಿಪ್ರಾಯ.

ಹುಬ್ಬಳ್ಳಿಯಲ್ಲಿ ಪೀಠೋಪಕರಣ ತಯಾರಿಸುವ ಒಬ್ಬರು ಶಾಲೆಯೊಂದಕ್ಕೆ ಜಿಎಸ್‌ಟಿ ಬಿಟ್ಟು 5 ಲಕ್ಷ ರೂಪಾಯಿಯ ಬೆಂಚುಗಳನ್ನು ಮಾಡಿಕೊಡಲು ಒಪ್ಪಿಕೊಂಡಿದ್ದಾರೆ ಎಂದಿಟ್ಟುಕೊಳ್ಳೋಣ. 2024ರ ಫೆಬ್ರುವರಿಯಲ್ಲಿ 1 ಲಕ್ಷ ಮುಂಗಡ ಬಂತು; ಮರ ಮತ್ತು ಕೂಲಿಗೆ 3.2 ಲಕ್ಷ ಕೊಟ್ಟದ್ದಾಯಿತು. ಮಾರ್ಚ್ 28ರಂದು ಬೆಂಚುಗಳು ಶಾಲೆ ತಲುಪಿದವು. ಉಳಿದ 4 ಲಕ್ಷ ಜೂನ್‌ನಲ್ಲಿ ಬಂತು. ನಗದು ಪದ್ಧತಿಯಲ್ಲಿ ಬರೆದರೆ 2023-24ರಲ್ಲಿ ಈ ಕೆಲಸದಿಂದ 2.2 ಲಕ್ಷ ನಷ್ಟ, ಮರುವರ್ಷ 4 ಲಕ್ಷ ಲಾಭ. ಎರಡೂ ಸುಳ್ಳು ಚಿತ್ರಗಳೇ. ಹಣ ಯಾವಾಗ ಬಂದರೂ ಅದರ ಹಕ್ಕು ಹುಟ್ಟಿದಾಗಲೇ ಆದಾಯ ಬರೆಯುವ ಮರ್ಕೆಂಟೈಲ್ ಪದ್ಧತಿಯಲ್ಲಾದರೆ ಬೆಂಚು ಒಪ್ಪಿಸಿದ ವರ್ಷಕ್ಕೇ 5 ಲಕ್ಷ ಆದಾಯವೂ ಅದರ ಖರ್ಚೂ ಸೇರಿ, 1.8 ಲಕ್ಷ ಲಾಭ ಕಾಣುತ್ತದೆ. ಈ ವರ್ಷಗಳಿಗೆ ಅನ್ವಯವಾಗುವ 1961ರ ಆದಾಯ ತೆರಿಗೆ ಕಾಯ್ದೆಯ 145ನೇ ಸೆಕ್ಷನ್, ಯಾವುದಾದರೂ ಒಂದನ್ನು ನಿಯತವಾಗಿ ಪಾಲಿಸುವುದಾದರೆ, ಎರಡೂ ಪದ್ಧತಿಗಳನ್ನು ಒಪ್ಪುತ್ತದೆ. ಕಂಪನಿಗಳಿಗೆ ಮಾತ್ರ 2013ರ ಕಂಪನಿ ಕಾಯ್ದೆ ಈ ಆಯ್ಕೆಯನ್ನು ಕೊಟ್ಟಿಲ್ಲ, ಅವು ಮರ್ಕೆಂಟೈಲ್ ಪದ್ಧತಿಯಲ್ಲೇ ಬರೆಯಬೇಕು.

ಬಿಲ್ಲು ಹರಿದ ದಿನವೇ ಮಾರಾಟ ಎಂಬುದು ಇನ್ನೊಂದು ತಪ್ಪು ನಂಬಿಕೆ, ನನಗೆ ಹೆಚ್ಚು ಆತಂಕ ತರುವುದೂ ಇದೇ. ಅದೇ ಬೆಂಚುಗಳು ಸಿದ್ಧವಾಗಿ ಮಾರ್ಚ್ 31ರಂದು ಕಾರ್ಖಾನೆಯಲ್ಲೇ ಇದ್ದು, ಬಿಲ್ಲು ಮಾತ್ರ 30ನೇ ತಾರೀಖಿನದಾಗಿ, ಲಾರಿ ಏಪ್ರಿಲ್ 4ರಂದು ಹೊರಟಿತು ಎಂದುಕೊಳ್ಳಿ. ಶಾಲೆಯವರೆಗೆ ತಲುಪಿಸುವ ಹೊಣೆ ತಯಾರಕರದೇ ಆಗಿರುವಾಗ, ದಾರಿಯಲ್ಲಿ ಬೆಂಚು ಮುರಿದರೆ ನಷ್ಟ ಅವರದೇ; ಅಂದರೆ ಮಾಲಿನ ಒಡೆತನದ ಲಾಭ-ನಷ್ಟದ ಭಾರ ಇನ್ನೂ ಕೈ ಬದಲಿಸಿಲ್ಲ. ಆದ್ದರಿಂದ 2023-24ರಲ್ಲಿ ಮಾರಾಟವಿಲ್ಲ. ಬೆಂಚುಗಳು 3.2 ಲಕ್ಷದ ಅಸಲು ಬೆಲೆಯಲ್ಲಿ ವರ್ಷಾಂತ್ಯದ ದಾಸ್ತಾನಿನಲ್ಲಿರಬೇಕು, ಮುಂಗಡದ 1 ಲಕ್ಷ ಶಾಲೆಗೆ ತಯಾರಕರು ಕೊಡಬೇಕಾದ ಹೊಣೆಯಾಗಿ ನಿಲ್ಲಬೇಕು, ಲಾಭ ಸೊನ್ನೆ. ಬ್ಯಾಂಕ್ ಸಾಲಕ್ಕಾಗಿ ವಹಿವಾಟು ಹಿಗ್ಗಿಸಿ ತೋರಿಸುವ ಆಸೆ ಹುಟ್ಟುವುದು ಇಲ್ಲಿಯೇ. ಮಾರ್ಚ್ ಕೊನೆಯ ವಾರದ ಬಿಲ್ಲುಗಳನ್ನು ಡೆಲಿವರಿ ಚಲನ್, ಇ-ವೇ ಬಿಲ್ ಮತ್ತು ಗಿರಾಕಿ ಸಹಿ ಮಾಡಿದ ರಸೀದಿಯ ತಾರೀಖಿನ ಜೊತೆ ಇಟ್ಟು ನೋಡಿದರೆ ಇಂಥದ್ದು ಬೇಗ ಗೊತ್ತಾಗುತ್ತದೆ. ಒಂದೇ ಮಾಲು ದಾಸ್ತಾನಿನಲ್ಲೂ ಮಾರಾಟದಲ್ಲೂ ಎಣಿಕೆಯಾಗಿದ್ದರೆ ಲಾಭ ಇನ್ನಷ್ಟು ಉಬ್ಬಿರುತ್ತದೆ.

ಬಾರದ ಹಣಕ್ಕೂ ತೆರಿಗೆ ಕಟ್ಟಬೇಕೇ ಎಂದು ಕೇಳುವವರ ಸಂಕಟ ನಿಜವಾದದ್ದು, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅದಕ್ಕೆ ಪರಿಹಾರ ಆದಾಯವನ್ನು ಮುಂದೂಡುವುದಲ್ಲ. ಒಮ್ಮೆ ಆದಾಯವೆಂದು ತೋರಿಸಿದ ಬಾಕಿ ವಸೂಲಾಗದಿದ್ದರೆ ಅದನ್ನು ಪುಸ್ತಕದಲ್ಲಿ ವಜಾ ಮಾಡಿ ಆ ವರ್ಷದ ಲಾಭದಿಂದ ಕಳೆಯಬಹುದು. ಹಣ ಬರುವುದೇ ಇಲ್ಲ ಎಂದು ಸಾಬೀತುಪಡಿಸಬೇಕಿಲ್ಲ, ವಜಾ ಮಾಡಿದ್ದರೆ ಸಾಕು ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಟಿಆರ್‌ಎಫ್ ಲಿಮಿಟೆಡ್ ಪ್ರಕರಣದಲ್ಲಿ ಹೇಳಿದೆ. ಮುಂದೆಂದಾದರೂ ಆ ಹಣ ಬಂದರೆ, ಬಂದ ವರ್ಷದ ಆದಾಯಕ್ಕೆ ಅದನ್ನು ಸೇರಿಸಬೇಕು.